ಒಂದೇ ಪಂಕ್ತಿಯಲ್ಲಿ ಕೂತು ಲೆಕ್ಕ ಕಲಿಯಲಿ

ಬರುವ ಜೂನ್‌ನಿಂದ ಎಂಟನೆಯ ತರಗತಿಯನ್ನು ಎರಡು ಮಾಡಬೇಕೆಂಬ ಮಾತು ನಮ್ಮ ಪ್ರೌಢಶಾಲೆಯ ಆಡಳಿತ ಮಂಡಳಿಯ ಮುಂದೆ ಬಂದಿದೆ. ಏಳನೆಯ ತರಗತಿಯ ಗಣಿತದ ಅಂಕ ನೋಡಿ ಮುಂದಿನ ಮಕ್ಕಳನ್ನು ಒಂದು ಕೋಣೆಗೆ, ಉಳಿದವರನ್ನು ಇನ್ನೊಂದು ಕೋಣೆಗೆ ಹಾಕುವುದು. ಮೊದಲನೆಯ ಕೋಣೆಗೆ ಹಿರಿಯ ಶಿಕ್ಷಕರು, ಸಂಜೆ ಪ್ರವೇಶ ಪರೀಕ್ಷೆಯ ತರಬೇತಿ. ಎರಡನೆಯದಕ್ಕೆ ಯಾರು ಸಿಕ್ಕರೆ ಅವರು. ಸಭೆಯಲ್ಲಿ ಇದನ್ನು ಹೇಳಿದವರು ಕೆಟ್ಟ ಮನಸ್ಸಿನವರಲ್ಲ. ‘ಚುರುಕಾದ ಮಕ್ಕಳು ಸುಮ್ಮನೆ ಕೂತು ಹಾಳಾಗುತ್ತಿದ್ದಾರೆ’ ಎಂಬುದು ಅವರ ನೋವು. ಆ ನೋವು ನಿಜ. ಮೂವತ್ತು ವರ್ಷ ಅದೇ ಶಾಲೆಯಲ್ಲಿ ಗಣಿತ ಕಲಿಸಿದ ನಾನು ಅಂಥ ಹಲವು ಮಕ್ಕಳನ್ನು ನನ್ನ ಕಣ್ಣ ಮುಂದೆಯೇ ಬೇಸರಪಡಿಸಿದ್ದೇನೆ. ಆದರೆ ಔಷಧ ತಪ್ಪಾಗಿದೆ ಎಂದು ಅಂದೇ ಹೇಳಿದೆ. ಹೇಳಿದ್ದು ಅರ್ಧವಾಯಿತು, ಊಟದ ಗಂಟೆ ಹೊಡೆಯಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಬೇರೆ ಮಠಗಳ ಶಾಲೆಗಳಲ್ಲೂ ಎದ್ದಿರುವುದನ್ನು ಬಲ್ಲೆ.

ಮೊದಲು ನನ್ನ ತಪ್ಪಿನಿಂದ ಆರಂಭಿಸುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ನಾನು ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಅವಳ ಪಾಟಿಯಲ್ಲಿ ಉತ್ತರ ಇರುತ್ತಿತ್ತು. ಉಳಿದವರು ಮುಗಿಸುವವರೆಗೆ ಅವಳಿಗೆ ಏನು ಕೊಡಬೇಕೆಂದು ತಿಳಿಯದೆ ಮೊದಲು ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಟ್ಟೆ. ಬೇಗ ಮುಗಿಸಿದ್ದಕ್ಕೆ ಶಿಕ್ಷೆಯಾಗಿ ಹೆಚ್ಚು ದುಡಿಮೆ! ಜಾಣೆ, ಹದಿನೈದು ದಿನದಲ್ಲಿ ನಿಧಾನವಾಗಿ ಬರೆಯುವುದನ್ನು ಕಲಿತಳು. ಆಮೇಲೆ ಅವಳನ್ನು ‘ಚಿಕ್ಕ ಟೀಚರ್’ ಮಾಡಿದೆ. ಉಳಿದವರ ನೋಟುಪುಸ್ತಕ ನೋಡುವುದು, ಅರ್ಥವಾಗದವರಿಗೆ ಹೇಳಿಕೊಡುವುದು ಅವಳ ಕೆಲಸವಾಯಿತು. ನನಗೆ ಅನುಕೂಲ, ನೋಡಿದವರಿಗೆ ಮೆಚ್ಚುಗೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ, ಆ ಹುಡುಗಿ ಜೂನ್‌ನಲ್ಲಿ ಬಲ್ಲದ್ದಕ್ಕಿಂತ ಹೊಸದಾಗಿ ಒಂದನ್ನೂ ಕಲಿತಿರಲಿಲ್ಲ. ಗೆಳತಿಯರು ಅವಳನ್ನು ಆಟಕ್ಕೆ ಕರೆಯುವುದನ್ನು ಬಿಟ್ಟಿದ್ದರು. ತಮ್ಮ ತಪ್ಪಿಗೆ ಕೆಂಪು ಗೀಟು ಹಾಕುವವಳನ್ನು ಯಾರು ಕರೆದಾರು? ಕೋಣೆ ಬದಲಾಯಿಸದೆಯೇ ನಾನು ಅವಳನ್ನು ಬೇರೆ ಮಾಡಿದ್ದೆ.

ಹಾಗಾದರೆ ಕೋಣೆ ಬೇರೆ ಮಾಡುವುದೇ ಪ್ರಾಮಾಣಿಕವಲ್ಲವೇ ಎಂದು ಕೇಳಬಹುದು. ಈ ಬಗ್ಗೆ ಅಮೆರಿಕದಲ್ಲಿ ಬಹಳ ಅಧ್ಯಯನ ನಡೆದಿದೆ. ಅಂಕದ ಮೇಲೆ ತರಗತಿ ವಿಂಗಡಿಸಿದ ಪ್ರೌಢಶಾಲೆಗಳ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ರಾಬರ್ಟ್ ಸ್ಲಾವಿನ್ ಎಂಬವರು 1990ರಲ್ಲಿ ಬರೆದದ್ದು ಇಷ್ಟು: ವಿಂಗಡಣೆಯಿಂದ ಕಲಿಕೆಗೆ ಆದ ಲಾಭ ಹೆಚ್ಚುಕಡಿಮೆ ಸೊನ್ನೆ. ಇದನ್ನು ಹೇಳಿ ನಾನು ಗೆದ್ದೆನೆಂದು ಕೂರುವಂತಿಲ್ಲ. ಏಕೆಂದರೆ ಜೇಮ್ಸ್ ಕುಲಿಕ್ ಮತ್ತು ಚೆನ್-ಲಿನ್ ಕುಲಿಕ್ ಅದೇ ಕಾಲದಲ್ಲಿ ಇದೇ ಕೆಲಸ ಮಾಡಿ, ಪ್ರತಿಭಾವಂತರಿಗೆಂದೇ ನಡೆಸಿದ ವಿಶೇಷ ತರಗತಿಗಳಲ್ಲಿ ಆ ಮಕ್ಕಳು ನಿಜವಾಗಿಯೂ ಮುಂದೆ ಹೋದರು ಎಂದು ತೋರಿಸಿದರು. ಎರಡನ್ನೂ ಜೊತೆಗಿಟ್ಟು ಓದಿದರೆ ವಿಷಯ ಬಿಡಿಸಿಕೊಳ್ಳುತ್ತದೆ. ಮಕ್ಕಳನ್ನು ಬೇರೆ ಕೂರಿಸಿ ಅದೇ ಪಾಠ, ಅದೇ ಲೆಕ್ಕ ಮಾಡಿಸಿದಲ್ಲಿ ಏನೂ ಆಗಲಿಲ್ಲ. ಪಾಠವನ್ನೇ ಬದಲಾಯಿಸಿದಲ್ಲಿ ಆಯಿತು. ಕೆಲಸ ಮಾಡಿದ್ದು ಗೋಡೆಯಲ್ಲ, ಗೋಡೆಯ ಒಳಗೆ ಕೊಟ್ಟ ಲೆಕ್ಕ. ಆ ಲೆಕ್ಕವನ್ನು ಗೋಡೆ ಕಟ್ಟದೆ ಕೊಡಲು ಬರುತ್ತದೆಯೇ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ನಮ್ಮ ಮಠದ ದಾಸೋಹದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ. ಹಾಗೆಂದು ಎಲ್ಲರ ಎಲೆಗೂ ಅಳೆದು ಒಂದೇ ಸಮ ಬಡಿಸುವುದಿಲ್ಲ. ಹೊಲದಿಂದ ಬಂದ ಹುಡುಗನಿಗೆ ನಾಲ್ಕು ರೊಟ್ಟಿ, ನನ್ನಂಥ ಮುದುಕನಿಗೆ ಒಂದು. ಪಂಕ್ತಿ ಒಂದೇ ಇರಲಿ, ಹಸಿವಿಗೆ ತಕ್ಕಂತೆ ಬಡಿಸೋಣ ಎನ್ನುವುದಷ್ಟೇ ನನ್ನ ವಾದ. ಇದನ್ನು ಸಭೆಯಲ್ಲಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದು ಸುಲಭ; ನಲವತ್ತು ನಿಮಿಷದ ಅವಧಿಯಲ್ಲಿ, ನಲವತ್ತನಾಲ್ಕು ಮಕ್ಕಳ ಮುಂದೆ ಬಡಿಸುವುದು ಹೇಗೆಂಬುದು ಕಷ್ಟ. ಕೊನೆಯ ಆರೇಳು ವರ್ಷ ನಾನು ಮಾಡಿದ್ದನ್ನು ಹೇಳುತ್ತೇನೆ.

ಮೊದಲ ಹೆಜ್ಜೆ ಸಮಯ ಬಿಡಿಸುವುದು. ಬಲ್ಲ ಮಗುವಿಗೆ ಬಲ್ಲದ್ದನ್ನೇ ಮತ್ತೆ ಮಾಡಿಸುವ ಹೊತ್ತನ್ನು ಅದಕ್ಕೆ ಹಿಂದಿರುಗಿಸಬೇಕು. ಜೋಸೆಫ್ ರೆಂಜುಲಿ ಮತ್ತು ಅವರ ಸಂಗಡಿಗರು ಇದನ್ನು ಪಠ್ಯವನ್ನು ಅಡಕಗೊಳಿಸುವುದು ಎಂದು ಕರೆದರು. ಅವರ ಕ್ರಮದಲ್ಲಿ ಪೂರ್ವ ಪರೀಕ್ಷೆ, ದಾಖಲೆ ಎಲ್ಲ ಇವೆ, ನಮ್ಮ ಕೈಲಾಗುವಂಥದ್ದಲ್ಲ. ಸೂಸನ್ ವೈನ್‌ಬ್ರೆನರ್ ಎಂಬ ಶಿಕ್ಷಕಿ ಹೇಳಿದ ಸರಳ ದಾರಿ ನನಗೆ ಒಗ್ಗಿತು. ಪಾಠದ ಅಭ್ಯಾಸದಲ್ಲಿ ಅತಿ ಕಷ್ಟದ ಐದು ಲೆಕ್ಕಗಳಿಗೆ ಗುರುತು ಹಾಕಬೇಕು. ‘ಬೇಕಾದವರು ಇವನ್ನೇ ಮೊದಲು ಮಾಡಬಹುದು. ಐದರಲ್ಲಿ ನಾಲ್ಕು ಸರಿಯಾದರೆ ಉಳಿದವನ್ನು ಮಾಡಬೇಕಾಗಿಲ್ಲ’ ಎಂದು ಇಡೀ ತರಗತಿಗೆ ಹೇಳಬೇಕು. ಅಷ್ಟೇ.

ಇದರ ಗುಣ ಏನೆಂದರೆ ಯಾರ ಹಣೆಗೂ ಪಟ್ಟಿ ಅಂಟಿಸುವುದಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ, ಪ್ರತಿ ಪಾಠಕ್ಕೂ ಹೊಸದಾಗಿ. ಬೀಜಗಣಿತದಲ್ಲಿ ಬಿಡುಗಡೆ ಪಡೆದವನು ರೇಖಾಗಣಿತದಲ್ಲಿ ಉಳಿದವರ ಜೊತೆ ಎಲ್ಲ ಲೆಕ್ಕ ಮಾಡುತ್ತಾನೆ. ನನ್ನ ಅನುಭವದಲ್ಲಿ ಒಂದು ಪಾಠಕ್ಕೆ ಮೂವರಿಂದ ಏಳು ಮಕ್ಕಳು ಹೀಗೆ ಹೊರಬರುತ್ತಿದ್ದರು, ಮತ್ತು ಪ್ರತಿ ಸಲ ಅದೇ ಹೆಸರುಗಳಿರುತ್ತಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಮನಸ್ಸಿನಲ್ಲೇ ಉತ್ತರ ಕಾಣುವ ಮಕ್ಕಳು ಹಂತಗಳನ್ನು ಬರೆಯುವುದಿಲ್ಲ, ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹಂತಕ್ಕೆ ಅಂಕವಿದೆ. ಆದ್ದರಿಂದ ಆ ನಾಲ್ಕು ಲೆಕ್ಕಗಳನ್ನು ಹಂತ ಬಿಡದೆ ಬರೆದಿದ್ದರೆ ಮಾತ್ರ ಸರಿ ಎಂದು ಒಪ್ಪುತ್ತಿದ್ದೆ. ಈ ನಿಯಮ ಇಲ್ಲದ ಮೊದಲ ವರ್ಷ ಇಬ್ಬರು ಜಾಣರು ಅರ್ಧವಾರ್ಷಿಕದಲ್ಲಿ ಅಂಕ ಕಳೆದುಕೊಂಡರು. ಒಬ್ಬನ ತಂದೆ ಬಂದು ನನ್ನ ಜೊತೆ ಸರಿಯಾಗಿಯೇ ಜಗಳವಾಡಿದರು.

ಹೀಗೆ ಉಳಿದ ಹೊತ್ತಿನಲ್ಲಿ ಏನು ಮಾಡಿಸಬೇಕು? ಇಲ್ಲಿಯೇ ಹೆಚ್ಚಿನವರು ಎಡವುವುದು. ಒಗಟಿನ ಪುಸ್ತಕ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಾರೆ, ಇಲ್ಲವೆ ಮುಂದಿನ ತರಗತಿಯ ಪುಸ್ತಕ ಕೈಗಿಡುತ್ತಾರೆ. ಎರಡರಲ್ಲೂ ಆ ಮಗು ತರಗತಿಯಲ್ಲಿದ್ದೂ ಇಲ್ಲದಂತೆ. ನನಗೆ ಬೇಕಾದದ್ದು ಇಡೀ ತರಗತಿ ಒಟ್ಟಿಗೆ ಆರಂಭಿಸಬಲ್ಲ, ಆದರೆ ತಳ ಬೇಗ ಸಿಗದ ಲೆಕ್ಕ. ಮೊದಲ ಮೆಟ್ಟಿಲು ಎಲ್ಲರ ಕಾಲಿಗೂ ಎಟುಕಬೇಕು, ಕೊನೆಯ ಮೆಟ್ಟಿಲು ನನಗೂ ಸುಲಭವಾಗಿರಬಾರದು. ಅಂಥ ಲೆಕ್ಕ ವರ್ಷಕ್ಕೆ ಎಂಟು ಹತ್ತು ಸಾಕು, ಪಾಠಕ್ಕೊಂದು. ಒಂದನ್ನು ಪೂರ್ತಿಯಾಗಿ ಹೇಳುತ್ತೇನೆ. ಇದು ನಾನು ಕಟ್ಟಿದ್ದಲ್ಲ, ಗಣಿತ ಶಿಕ್ಷಕರಲ್ಲಿ ಬಹಳ ಕಾಲದಿಂದ ಓಡಾಡುತ್ತಿರುವುದು.

ಅಪವರ್ತಿಸುವಿಕೆಯ ಪಾಠ ಶುರುವಾಗುವ ದಿನ ಕರಿಹಲಗೆಯ ಮೇಲೆ 12 = 3 + 4 + 5 ಎಂದು ಬರೆದೆ. ಒಂದರ ಹಿಂದೆ ಒಂದು ಬರುವ ಸಂಖ್ಯೆಗಳನ್ನು ಕೂಡಿಸಿ 12 ಮಾಡಿದ್ದೇವೆ. 1ರಿಂದ 30ರವರೆಗಿನ ಯಾವ ಯಾವ ಸಂಖ್ಯೆಗಳನ್ನು ಹೀಗೆ ಮಾಡಬಹುದು? ಕನಿಷ್ಠ ಎರಡು ಸಂಖ್ಯೆಗಳನ್ನಾದರೂ ಕೂಡಿಸಬೇಕು, ಸೊನ್ನೆ ಬಳಸಬಾರದು. ನಾಲ್ಕು ನಾಲ್ಕು ಮಕ್ಕಳ ಹನ್ನೊಂದು ಗುಂಪು. ಪ್ರತಿ ಗುಂಪಿಗೆ ಅರವತ್ತು ಹುಣಸೆಬೀಜ, ಪ್ರಸಾದ ನಿಲಯದ ಅಡುಗೆಮನೆಯಿಂದ ತಂದದ್ದು. ಬೀಜಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಬಹುದು: 12ಕ್ಕೆ ಮೂರರ ಒಂದು ಸಾಲು, ಪಕ್ಕದಲ್ಲಿ ನಾಲ್ಕರದು, ಅದರ ಪಕ್ಕ ಐದರದು. ಕೂಡುವುದು ಬಂದರೆ ಸಾಕು, ಈ ಲೆಕ್ಕದೊಳಗೆ ಹೊಕ್ಕಬಹುದು. ತರಗತಿಯಲ್ಲಿ ಹೊಕ್ಕದವರು ಒಬ್ಬರೂ ಇರಲಿಲ್ಲ.

ಒಂದು ನಿಯಮವನ್ನು ಮೊದಲೇ ಹೇಳಿದ್ದೆ. ಮೊದಲ ಹತ್ತು ನಿಮಿಷ ಯಾರೂ ಕೈ ಎತ್ತುವಂತಿಲ್ಲ, ಕಂಡದ್ದನ್ನು ಬರೆದುಕೊಳ್ಳಬೇಕು. ಈ ನಿಯಮ ಇಲ್ಲದಿದ್ದರೆ ಎರಡನೆಯ ನಿಮಿಷಕ್ಕೆ ಚುರುಕಾದ ಮಗು ಉತ್ತರವನ್ನು ಕೂಗುತ್ತದೆ, ಉಳಿದ ನಲವತ್ಮೂರು ತಲೆಗಳು ಅಲ್ಲಿಗೇ ನಿಲ್ಲುತ್ತವೆ. ಒಬ್ಬರು ಹೇಳಿದ ಮೇಲೆ ಇನ್ನೊಬ್ಬರು ಹುಡುಕುವುದಿಲ್ಲ. ಜಾಣ ಮಕ್ಕಳಿಂದ ಉಳಿದವರಿಗೆ ತೊಂದರೆ ಎನ್ನುವವರು ಕಂಡಿರುವುದು ಇದನ್ನೇ. ತಪ್ಪು ಮಗುವಿನದಲ್ಲ, ಮೊದಲ ಕೈಗೆ ಉತ್ತರ ಹೇಳಿಸುವ ನಮ್ಮ ಅಭ್ಯಾಸದ್ದು.

ಅವಧಿ ಮುಗಿಯುವ ಹೊತ್ತಿಗೆ ಎಲ್ಲ ಗುಂಪುಗಳಲ್ಲೂ ಒಂದೇ ಸಂಖ್ಯೆಗಳು ಹಟ ಹಿಡಿದಿದ್ದವು. ‘ಸರ, ಹದಿನಾರು ಆಗವಲ್ದ್ರಿ’ ಎಂದು ಹಿಂದಿನ ಬೆಂಚಿನಿಂದ ದೂರು ಬಂತು. ಆಗದವು ಯಾವುವು ಎಂದು ಎಲ್ಲರೂ ಹೇಳಿ ಬರೆಸಿದರು: 1, 2, 4, 8, 16. ಬೆಸಸಂಖ್ಯೆಗಳು ಸುಲಭವೆಂದು ಹೆಚ್ಚಿನವರು ಕಂಡುಕೊಂಡಿದ್ದರು; 15 ಬೇಕೆಂದರೆ 7 + 8, 29 ಬೇಕೆಂದರೆ 14 + 15. ಕೆಲವರಿಗೆ ಇನ್ನೊಂದು ಕಂಡಿತ್ತು: 15ನ್ನು ಮೂರು ಬಗೆಯಲ್ಲಿ ಮಾಡಬಹುದು, 7 + 8, 4 + 5 + 6, 1 + 2 + 3 + 4 + 5. ಆ ದಿನ ಯಾವುದಕ್ಕೂ ಕಾರಣ ಹೇಳಲಿಲ್ಲ. ಹಲಗೆಯ ಬಲ ಮೂಲೆಯಲ್ಲಿ ಎರಡು ಪ್ರಶ್ನೆ ಬರೆದು ಸುತ್ತ ಗೆರೆ ಎಳೆದೆ. 16 ಏಕೆ ಆಗುವುದಿಲ್ಲ? ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಮಾಡಬಹುದೆಂದು ಮೊದಲೇ ಹೇಳಲು ಬರುತ್ತದೆಯೇ? ಪಾಠ ಮುಗಿಯುವವರೆಗೆ ಆ ಮೂಲೆಯನ್ನು ಯಾರೂ ಒರೆಸುವಂತಿರಲಿಲ್ಲ.

ಮರುದಿನದಿಂದ ಎಂದಿನ ಪಾಠ. ಅಭ್ಯಾಸದ ಕಷ್ಟದ ಐದನ್ನು ಮಾಡಿ ಬಿಡುಗಡೆ ಪಡೆದವರು ಆ ಸಲ ನಾಲ್ವರು. ಉಳಿದವರು ಅಭ್ಯಾಸ ಮಾಡುವಾಗ ಇವರು ತಮ್ಮ ಜಾಗದಲ್ಲೇ ಕೂತು ಮೂಲೆಯ ಪ್ರಶ್ನೆ ಹಿಡಿದರು. ಅವರಲ್ಲಿ ಒಬ್ಬ ಹುಡುಗಿ 45ಕ್ಕೆ ಅಂಟಿಕೊಂಡಳು. 45 = 3 × 15. ಹಾಗಾದರೆ 15ನ್ನು ನಡುವೆ ಇಟ್ಟು ಅಕ್ಕಪಕ್ಕ ಒಂದೊಂದು ಹಾಕಿದರೆ 14 + 15 + 16 ಆಯಿತು. 45 = 5 × 9, ನಡುವೆ 9: 7 + 8 + 9 + 10 + 11. 45 = 9 × 5, ನಡುವೆ 5: 1ರಿಂದ 9ರವರೆಗೆ. ನಡುವಿನದು ಇರಬೇಕಾದರೆ ಸಂಖ್ಯೆಗಳ ಎಣಿಕೆ ಬೆಸ ಇರಬೇಕು, ಹಾಗಾಗಿ ಬೆಸ ಅಪವರ್ತನಗಳೇ ಮುಖ್ಯ ಎಂದು ಬರೆದಿದ್ದಳು. ಇನ್ನುಳಿದದ್ದು 15 × 3. ನಡುವೆ 3 ಇಟ್ಟು ಎರಡೂ ಕಡೆ ಏಳೇಳು ಹಾಕಿದರೆ ಎಡಗಡೆ ಸೊನ್ನೆಯಿಂದ ಕೆಳಗೆ ಇಳಿಯುತ್ತದೆ. ‘ಆಗಂಗಿಲ್ರಿ ಸರ’ ಎಂದು ಗೀಟು ಹಾಕಿ ಬಿಟ್ಟಿದ್ದಳು.

ನಾನು ಉತ್ತರ ಹೇಳಬಹುದಿತ್ತು. ಹೇಳುವ ಆಸೆಯನ್ನು ತಡೆಯುವುದು ಈ ಕೆಲಸದಲ್ಲಿ ಅತ್ಯಂತ ಕಷ್ಟದ್ದು. ‘ಇಳಿದರೆ ಇಳಿಯಲಿ, ಪೂರ್ತಿ ಬರೆದು ನೋಡು’ ಎಂದಷ್ಟೇ ಹೇಳಿ ಮುಂದೆ ಹೋದೆ. ಎರಡು ದಿನದ ಮೇಲೆ ಅವಳ ಪುಸ್ತಕದಲ್ಲಿ –4ರಿಂದ 10ರವರೆಗೆ ಸಾಲು ಇತ್ತು. –4 ಮತ್ತು 4 ಒಂದನ್ನೊಂದು ಅಳಿಸುತ್ತವೆ, –3 ಮತ್ತು 3 ಕೂಡ, ಹೀಗೆ ಸೊನ್ನೆಯವರೆಗೆ. ಉಳಿಯುವುದು 5 + 6 + 7 + 8 + 9 + 10, ಕೂಡಿದರೆ 45. ಅದೇ ದಾರಿಯಲ್ಲಿ 45 × 1 ಎಂಬುದು –21ರಿಂದ 23ರವರೆಗೆ ಹೋಗಿ, ಅಳಿದು, 22 + 23 ಆಯಿತು. 45ಕ್ಕೆ ಒಂದನ್ನು ಬಿಟ್ಟು ಐದು ಬೆಸ ಅಪವರ್ತನಗಳು, 3, 5, 9, 15, 45. ಐದು ಬಗೆಯ ಮೊತ್ತಗಳು. ಏಳನೆಯ ತರಗತಿಯಲ್ಲಿ ಕಲಿತ ಋಣ ಸಂಖ್ಯೆ ಅಂದು ಅವಳಿಗೆ ಕೆಲಸಕ್ಕೆ ಬಂತು. ಮುಂದಿನ ತರಗತಿಯ ಪುಸ್ತಕ ಬೇಕಾಗಲೇ ಇಲ್ಲ.

ಆದರೆ 16 ಏಕೆ ಆಗುವುದೇ ಇಲ್ಲ ಎಂಬುದು ಅವಳಿಗೆ ಬಿಡಿಸಲಿಲ್ಲ. ಬೆಸ ಅಪವರ್ತನ ಇದ್ದರೆ ಆಗುತ್ತದೆ ಎಂದು ತೋರಿಸಿದ್ದಳು. ಇಲ್ಲದಿದ್ದರೆ ಬೇರೆ ಯಾವುದಾದರೂ ಕಳ್ಳದಾರಿ ಇರಬಾರದೇಕೆ? ಇದು ಬೇರೆಯೇ ಪ್ರಶ್ನೆ, ಮತ್ತು ಇವೆರಡರ ಅಂತರ ತಿಳಿಯುವುದೇ ಗಣಿತದ ದೊಡ್ಡ ಪಾಠ. ಅವಳು ಅಕ್ಷರಗಳನ್ನು ಹಾಕಿ ಎರಡು ಪುಟ ಬರೆದು ಸಿಕ್ಕಿಕೊಂಡಿದ್ದಳು.

ದಾರಿ ಬಂದದ್ದು ಬಿಡುಗಡೆ ಪಡೆಯದವನೊಬ್ಬನಿಂದ. ಪಾಠದ ಕೊನೆಯ ಅವಧಿಯನ್ನು ಮೂಲೆಯ ಪ್ರಶ್ನೆಗೆ ಮೀಸಲಿಡುತ್ತಿದ್ದೆ; ಎಲ್ಲರಿಗೂ ಮತ್ತೆ ಬೀಜಗಳು. ಗುಣಾಕಾರದ ಮಗ್ಗಿಯಲ್ಲೇ ತಡವರಿಸುವ ಒಬ್ಬ ಹುಡುಗ, ತನ್ನ ಮೆಟ್ಟಿಲಿನ ಪಕ್ಕದವನ ಮೆಟ್ಟಿಲನ್ನು ತಲೆಕೆಳಗು ಮಾಡಿ ತನ್ನದರ ಮೇಲೆ ಕೂರಿಸಿದ್ದ. 3, 4, 5ರ ಮೇಲೆ 5, 4, 3. ಅಂಚು ಸಪಾಟಾಗಿ ಆಯತವಾಯಿತು: ಅಗಲ 3, ಎತ್ತರ 8. ‘ಚಂದ ಕಾಣಸ್ತೈತ್ರಿ’ ಎಂದ. ನಾನು ಎಲ್ಲ ಗುಂಪಿಗೂ ಹಾಗೆ ಮಾಡಿ ಅಗಲ, ಎತ್ತರ ಬರೆಯಲು ಹೇಳಿದೆ. 14ರ ಮೆಟ್ಟಿಲು, 2 + 3 + 4 + 5, ಅಗಲ 4 ಎತ್ತರ 7 ಕೊಟ್ಟಿತು. 15ರದು, 7 + 8, ಅಗಲ 2 ಎತ್ತರ 15. ಹಲಗೆ ತುಂಬುವಷ್ಟರಲ್ಲಿ ಹಲವರು ಒಟ್ಟಿಗೆ ಹೇಳಿದರು: ಯಾವಾಗಲೂ ಒಂದು ಬದಿ ಸಮ, ಒಂದು ಬದಿ ಬೆಸ.

ಏಕೆ? ಎತ್ತರವೆಂದರೆ ಅತಿ ಗಿಡ್ಡ ಸಾಲು ಮತ್ತು ಅತಿ ಎತ್ತರದ ಸಾಲಿನ ಮೊತ್ತ. ಸಾಲುಗಳ ಎಣಿಕೆ ಸಮ ಇದ್ದರೆ ಮೊದಲ ಸಾಲು ಬೆಸವಾದಾಗ ಕೊನೆಯದು ಸಮ, ಮೊದಲನೆಯದು ಸಮವಾದಾಗ ಕೊನೆಯದು ಬೆಸ, ಕೂಡಿದರೆ ಬೆಸ. ಎಣಿಕೆ ಬೆಸ ಇದ್ದರೆ ಮೊದಲನೆಯದೂ ಕೊನೆಯದೂ ಒಂದೇ ಜಾತಿ, ಕೂಡಿದರೆ ಸಮ. ಹದಿನಾರರ ಮೆಟ್ಟಿಲು ಇದ್ದಿದ್ದರೆ ಎರಡು ಸೇರಿ 32 ಬೀಜಗಳ ಆಯತ ಆಗಬೇಕಿತ್ತು. 32ರ ಆಯತಗಳು 2 × 16, 4 × 8. ಎರಡೂ ಬದಿ ಸಮ. ಉಳಿದದ್ದು 1 × 32, ಅಲ್ಲಿ ಮೆಟ್ಟಿಲೇ ಇಲ್ಲ. ಎರಡನ್ನೇ ಗುಣಿಸುತ್ತ ಹೋಗಿ ಬಂದ ಯಾವ ಸಂಖ್ಯೆಗೂ ಇದೇ ಗತಿ. ಆ ಹುಡುಗಿ ಎದ್ದು ನಿಂತು ತನ್ನ ಎರಡು ಪುಟವನ್ನು ಆಯತದ ಭಾಷೆಗೆ ತಂದು ಹಲಗೆಯ ಮೇಲೆ ಬರೆದಳು. ಆ ಹುಡುಗ ತನ್ನ ಬೀಜಗಳನ್ನು ಯಾರೂ ಕದಲಿಸದಂತೆ ಕೈ ಅಡ್ಡ ಹಿಡಿದು ಕೂತಿದ್ದ.

ಈಗ ಇವನ ಮಾತಿಗೆ ಬರಬೇಕು. ಏಳನೆಯ ತರಗತಿಯ ಅಂಕ ನೋಡಿ ಕೋಣೆ ಹಂಚಿದ್ದರೆ ಇವನು ಎರಡನೆಯ ಕೋಣೆಯಲ್ಲಿ ಇರುತ್ತಿದ್ದ. ಸೋವಿಯತ್ ಮನಃಶಾಸ್ತ್ರಜ್ಞ ವಾದಿಮ್ ಕ್ರುತೆಟ್‌ಸ್ಕಿ ಗಣಿತದಲ್ಲಿ ಪ್ರತಿಭೆಯುಳ್ಳ ಶಾಲಾ ಮಕ್ಕಳನ್ನು ವರ್ಷಗಳ ಕಾಲ ಅಭ್ಯಸಿಸಿ 1968ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಬಿಡಿ ಉದಾಹರಣೆಯಿಂದ ಬೇಗ ಸಾಮಾನ್ಯ ನಿಯಮಕ್ಕೆ ಏರುವುದು, ಒಂದು ದಾರಿ ಬಿಟ್ಟು ಇನ್ನೊಂದಕ್ಕೆ ಸುಲಭವಾಗಿ ಹೊರಳುವುದು, ಹೋದ ದಾರಿಯಲ್ಲಿ ಹಿಂದಕ್ಕೂ ಬರುವುದು ಇಂಥ ಗುಣಗಳನ್ನು ಅವರು ಪ್ರತಿಭೆಯ ತಿರುಳೆಂದು ಎಣಿಸಿದರು. ವೇಗ, ಲೆಕ್ಕ ಮಾಡುವ ಚಾಕಚಕ್ಯ, ಅಂಕಿಗಳ ನೆನಪು ಇವು ಅದಕ್ಕೆ ಅನಿವಾರ್ಯವಲ್ಲ ಎಂದರು. ನಮ್ಮ ಏಳನೆಯ ತರಗತಿಯ ಪರೀಕ್ಷೆ ಅಳೆಯುವುದು ಬಹುಪಾಲು ಈ ಕೊನೆಯ ಮೂರನ್ನೇ. ಬೀಜದ ಹುಡುಗ ಪ್ರತಿಭಾವಂತನೇ? ಒಂದು ಆಯತ ನೋಡಿ ಹೇಳಲಾರೆ. ಅವನ ಮಗ್ಗಿ ಆಮೇಲೂ ತೊಡಕಾಗಿಯೇ ಉಳಿಯಿತು, ಅದಕ್ಕೆ ಬೇರೆ ದುಡಿಮೆ ಬೇಕಾಯಿತು. ಆದರೆ ಅದನ್ನು ಹೇಳಲು ನನಗೆ ಅವಕಾಶವೇ ಇರದಂತೆ ಜೂನ್ ತಿಂಗಳಲ್ಲೇ ತೀರ್ಪು ಕೊಡುವುದಕ್ಕೆ ನನ್ನ ವಿರೋಧ.

ಈ ಕ್ರಮ ಕೆಡುವ ಬಗೆಗಳೂ ಇವೆ. ಹೊರಗಿನಿಂದ ನೋಡಲು ಬರುವ ಮುಖ್ಯೋಪಾಧ್ಯಾಯರಿಗೆ ಎರಡು ಗುರುತು ಹೇಳಿಕೊಡುತ್ತೇನೆ. ಗುಂಪಿನ ಹಾಳೆಯನ್ನು ಎತ್ತಿ ನೋಡಿ. ಅಲ್ಲಿ ಒಂದೇ ಕೈಬರಹ ಇದ್ದರೆ ಆ ಗುಂಪಿನಲ್ಲಿ ಒಬ್ಬರು ದುಡಿದಿದ್ದಾರೆ, ಮೂವರು ನೋಡಿದ್ದಾರೆ. ಗುಂಪಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಬುದ್ಧಿಗಿಂತ ಹೆಚ್ಚಾಗಿ ‘ಇವನು ಜಾಣ’ ಎಂದು ಮೊದಲೇ ಒಪ್ಪಿಕೊಂಡ ಸ್ಥಾನದಿಂದ ಬರುತ್ತದೆ ಎಂದು ಎಲಿಜಬೆತ್ ಕೋಹೆನ್ ಅವರು ತೋರಿಸಿದ್ದಾರೆ. ನಮ್ಮಲ್ಲಿ ಅದಕ್ಕೆ ಮನೆತನ, ಹುಡುಗ ಹುಡುಗಿ ಎಂಬುದೂ ಸೇರುತ್ತದೆ. ನಾನು ಚೀಟಿ ಎತ್ತಿಸುತ್ತಿದ್ದೆ. ಗುಂಪಿನ ಪರವಾಗಿ ಹಲಗೆಗೆ ಬರುವವರು ಯಾರೆಂದು ಕೊನೆಯವರೆಗೆ ಗೊತ್ತಿರಬಾರದು. ಆಗ ಬಲ್ಲವರಿಗೆ ಹೇಳಿಕೊಡುವ, ತಿಳಿಯದವರಿಗೆ ಕೇಳುವ ಅಗತ್ಯ ಹುಟ್ಟುತ್ತದೆ. ಚಿಕ್ಕ ಟೀಚರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಲೆಕ್ಕ ಹೇಳುವವಳಿಗೂ ಹೊಸದು.

ಎರಡನೆಯ ಗುರುತು ಹಲಗೆಯ ಮೂಲೆ. ಬಿಡುಗಡೆ ಪಡೆದ ಮಕ್ಕಳು ಮಾಡಿದ್ದು ಎಂದೂ ಹಲಗೆಗೆ ಬರುತ್ತಿಲ್ಲ ಎಂದಾದರೆ ಅವರನ್ನು ಸದ್ದಿಲ್ಲದೆ ಬೇರೆ ಕೂರಿಸಿದ್ದೇವೆ ಎಂದು ಅರ್ಥ. ನನಗೆ ಹೀಗಾದದ್ದು ಒಂದಲ್ಲ, ಎರಡು ವರ್ಷ. ಜನವರಿ ಬಂದು ಪಾಠ ಉಳಿದಿದೆ ಎನ್ನುವ ಹೊತ್ತಿಗೆ ಮೊದಲು ಕತ್ತರಿಸುವುದು ಕೊನೆಯ ಅವಧಿಯನ್ನೇ.

ಎಲ್ಲವೂ ಈ ಕ್ರಮದಿಂದ ಆಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಂಟನೆಯ ತರಗತಿಯಲ್ಲೇ ಹತ್ತರ ಬೀಜಗಣಿತವನ್ನು ತಾನೇ ಓದಿ ಮುಗಿಸಿದ ಒಬ್ಬ ಹುಡುಗ ನನ್ನ ಕೈಗೆ ಬಂದಿದ್ದ. ಅವನಿಗೆ ಹುಣಸೆಬೀಜ ಸಾಲಲಿಲ್ಲ. ಶನಿವಾರ ಮಧ್ಯಾಹ್ನ ಅವನೊಂದಿಗೆ ಕೂತು ಗಣಿತ ಒಲಿಂಪಿಯಾಡಿನ ಹಳೆಯ ಪ್ರಶ್ನೆಗಳನ್ನು ಬಿಡಿಸಿದೆ. ಕೆಲವನ್ನು ನಾನೂ ಬಿಡಿಸಲಾಗದೆ ಕಾಲೇಜಿನ ಉಪನ್ಯಾಸಕರ ಹತ್ತಿರ ಒಯ್ದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಭಾವಂತ ಮಕ್ಕಳಿಗೆ ಪೂರಕ ಅಭ್ಯಾಸ ಕೊಡಬೇಕು, ಶಾಲೆ ಮತ್ತು ಜಿಲ್ಲಾ ಮಟ್ಟದಲ್ಲಿ ವಿಷಯವಾರು ಕೂಟಗಳು ಬೇಕು ಎನ್ನುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ಪ್ರತಿಭಾವಂತ ಮಕ್ಕಳನ್ನು ಗುರುತಿಸಿ ಬೆಳೆಸುವ ಕೆಲಸ ಮಾಡಿದೆ. ಅಂಥ ಮಗುವಿಗೆ ಇದೆಲ್ಲ ಬೇಕು. ಆದರೆ ಮೂವತ್ತು ವರ್ಷದಲ್ಲಿ ನಾನು ಕಂಡ ಅಂಥವರು ಇಬ್ಬರೋ ಮೂವರೋ. ಅವರಿಗಾಗಿ ಶನಿವಾರ ಸಾಕಾಯಿತು, ಗೋಡೆ ಬೇಕಾಗಲಿಲ್ಲ.

ಪೋಷಕರ ಮಾತನ್ನೂ ಬಿಡುವಂತಿಲ್ಲ. ‘ನಿಮ್ಮ ಬೀಜದಾಟದಿಂದ ನನ್ನ ಮಗನಿಗೆ ಸೀಟು ಸಿಗುತ್ತದೆಯೇ’ ಎಂದು ಒಬ್ಬರು ಸಭೆಯಲ್ಲಿ ಕೇಳಿದರು. ಪ್ರವೇಶ ಪರೀಕ್ಷೆಯ ತರಬೇತಿ ಬೇರೆಯೇ ಸರಕು, ಅದನ್ನು ಹತ್ತರ ನಂತರ ಕೊಡಬಹುದು. ಎಂಟರಲ್ಲಿ ಅದನ್ನು ಕೊಟ್ಟರೆ ಮಗು ಪ್ರಶ್ನೆಯ ಬಗೆಗಳನ್ನು ಕಂಠಪಾಠ ಮಾಡುತ್ತದೆ, ಮತ್ತೆ ಅದೇ ಹಳೆಯ ‘ಇನ್ನೂ ಹತ್ತು ಲೆಕ್ಕ’ಕ್ಕೆ ಮರಳುತ್ತೇವೆ. ಇದು ಆ ತಂದೆಗೆ ಒಪ್ಪಿಗೆಯಾಗಲಿಲ್ಲ. ಆಗಬೇಕೆಂದೂ ಇಲ್ಲ.

ಮಂಡಳಿಯ ಮುಂದಿನ ಸಭೆ ಮೇ ತಿಂಗಳಲ್ಲಿದೆ. ಅಲ್ಲಿ ನಾನು ಕೇಳುವುದು ಮೂರು. ಎಂಟನೆಯ ತರಗತಿಯನ್ನು ಒಂದು ವರ್ಷ ಒಂದಾಗಿಯೇ ಇಡಿ. ಎರಡು ಕೋಣೆ ಬೇಕೇ ಆದರೆ ಹಾಜರಿ ಪಟ್ಟಿಯಲ್ಲಿ ಒಂದು ಬಿಟ್ಟು ಒಂದು ಹೆಸರಿನಂತೆ ಹಂಚಿ. ಗಣಿತ ಶಿಕ್ಷಕರು ವಾರಕ್ಕೊಂದು ಅವಧಿ ಒಟ್ಟಿಗೆ ಕೂತು ಮುಂದಿನ ಪಾಠಕ್ಕೆ ಒಂದು ಲೆಕ್ಕ ಆರಿಸಲು ವೇಳಾಪಟ್ಟಿಯಲ್ಲಿ ಜಾಗ ಕೊಡಿ, ಏಕೆಂದರೆ ಒಬ್ಬರೇ ಹುಡುಕಿದರೆ ಆಗಸ್ಟ್‌ಗೆ ಮುಗಿದುಹೋಗುತ್ತದೆ. ಮತ್ತು ವಿಶೇಷ ವಿಭಾಗಕ್ಕೆಂದು ದಾನಿಗಳು ಕೊಡಲು ಒಪ್ಪಿರುವ ಹಣದಲ್ಲಿ ಪ್ರತಿ ಕೋಣೆಯ ಪಕ್ಕದ ಗೋಡೆಗೂ ಒಂದೊಂದು ಕರಿಹಲಗೆ ಹಾಕಿಸಿ. ಒರೆಸದ ಮೂಲೆ ಒಂದೇ ಹಲಗೆಯಲ್ಲಿ ಬಹಳ ದಿನ ಉಳಿಯುವುದಿಲ್ಲ. ಸಮಾಜ ವಿಜ್ಞಾನದವರು ಬಂದು ನಕ್ಷೆ ಬರೆಯುತ್ತಾರೆ.